ಪೇಟೆಂಟ್‌ನ ಅವಲಂಬಿತ ಕ್ಲೇಮುಗಳನ್ನು ಅನುವಾದಿಸುವುದು ಹೇಗೆ: ಪದ ಬದಲಾದರೆ ಹಕ್ಕೇ ಬದಲಾಗುವ ಕಡೆ ಅನುಸರಿಸಬೇಕಾದ ಕ್ರಮ

ಪೇಟೆಂಟ್‌ನಲ್ಲಿ ಯಾವುದರ ಮೇಲೆ ಹಕ್ಕು ಬೇಕೆಂದು ಸಂಖ್ಯೆ ಹಾಕಿ ಬರೆದ ವಾಕ್ಯಗಳೇ ಕ್ಲೇಮುಗಳು, ಅವುಗಳಲ್ಲಿ ಇನ್ನೊಂದು ಕ್ಲೇಮಿನ ಮೇಲೆ ನಿಂತವು ಅವಲಂಬಿತ ಕ್ಲೇಮುಗಳು. ಪರಿಶೀಲನೆಗೆಂದು ನನ್ನ ಕೈಗೆ ಬರುವ ಪೇಟೆಂಟ್ ಅನುವಾದಗಳಲ್ಲಿ ಮೊದಲ ಕ್ಲೇಮು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಅನುವಾದಕರು ಅದರ ಮೇಲೆ ಬಹಳ ಹೊತ್ತು ಕೂತಿರುತ್ತಾರೆ. ಕೆಡುವುದು ಎರಡನೆಯ ಕ್ಲೇಮಿನಿಂದ ಮುಂದೆ. ಅವು ಚಿಕ್ಕವು, ಒಂದೊಂದೇ ಸಾಲಿನವು, ಹಿಂದಿನದನ್ನೇ ಮತ್ತೆ ಹೇಳುವಂತೆ ಕಾಣುವಂಥವು. ಹಾಗಾಗಿ ಅಲ್ಲಿ ಕೈ ಸಡಿಲವಾಗುತ್ತದೆ. ಒಂದೇ ಪದ ಮತ್ತೆ ಮತ್ತೆ ಬಂದರೆ ಓದಲು ಬೇಸರವೆಂದು ಪರ್ಯಾಯ ಪದ ಹಾಕುತ್ತಾರೆ, ಉದ್ದವಾದ ಪದಪುಂಜವನ್ನು ಮೊಟಕು ಮಾಡುತ್ತಾರೆ, ಅರ್ಥ ಸ್ಪಷ್ಟವಾಗಲೆಂದು ಒಂದು ಪದ ಸೇರಿಸುತ್ತಾರೆ. ಕಥೆಯಲ್ಲೋ ಲೇಖನದಲ್ಲೋ ಇವೆಲ್ಲ ಒಳ್ಳೆಯ ಅಭ್ಯಾಸಗಳು. ಕ್ಲೇಮಿನಲ್ಲಿ ಇವೇ ಹಾನಿ ಮಾಡುತ್ತವೆ.

ತಪ್ಪುಗಳು ಬಹುಮಟ್ಟಿಗೆ ಭಾಷೆ ಬಾರದ್ದರಿಂದ ಆಗುವುದಿಲ್ಲ, ಕ್ಲೇಮುಗಳು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂದು ನೋಡದೆ ಕೆಲಸ ಶುರು ಮಾಡುವುದರಿಂದ ಆಗುತ್ತವೆ. ಆದ್ದರಿಂದ ಇಲ್ಲಿ ಕೆಲಸದ ಕ್ರಮಕ್ಕೆ ಹೆಚ್ಚು ಒತ್ತು ಕೊಟ್ಟಿದ್ದೇನೆ. ಹಂತಗಳನ್ನು ಹಿಂದುಮುಂದು ಮಾಡಬೇಡಿ.

## ಶುರು ಮಾಡುವ ಮುನ್ನ ಕೈಯಲ್ಲಿರಬೇಕಾದದ್ದು

ಮೊದಲು ಬೇಕಾದದ್ದು ಸರಿಯಾದ ಕ್ಲೇಮು ಪಟ್ಟಿ. ಇದನ್ನು ಹೇಳಲೇಬೇಕೇ ಎನ್ನಿಸಬಹುದು, ಆದರೆ ಒಂದೇ ಅರ್ಜಿಗೆ ಎರಡು ಮೂರು ಕ್ಲೇಮು ಪಟ್ಟಿಗಳು ಇರುವುದು ಮಾಮೂಲು. ಪಿಸಿಟಿ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಮೂಲಕ ಹೋದ ಅರ್ಜಿಯಲ್ಲಿ, ಮೊದಲು ಸಲ್ಲಿಸಿದ ಕ್ಲೇಮುಗಳ ಜೊತೆಗೆ ಆ ಒಪ್ಪಂದದ 19ನೇ ಅಥವಾ 34ನೇ ವಿಧಿಯ ಅಡಿ ತಿದ್ದಿದ ಕ್ಲೇಮುಗಳೂ ಇರಬಹುದು. ತಿದ್ದುವಾಗ ಕ್ಲೇಮು ಸಂಖ್ಯೆಗಳು ಬದಲಾಗಿರಬಹುದು. ಯಾವ ಪಟ್ಟಿಯನ್ನು ಅನುವಾದಿಸಬೇಕೆಂದು ಪೇಟೆಂಟ್ ವಕೀಲರಿಂದ ಬರಹದಲ್ಲಿ ಕೇಳಿ ಪಡೆಯಿರಿ.

ಉಳಿದಂತೆ ಬೇಕಾದವು ಸರಳ. ಚಿತ್ರಗಳ ಸಹಿತ ಆವಿಷ್ಕಾರದ ಪೂರ್ಣ ವಿವರಣೆ, ಒಂದು ಖಾಲಿ ಹಾಳೆ, ಪದಪಟ್ಟಿ ಬರೆಯಲು ಎರಡು ಮೂರು ಕಾಲಮ್‌ಗಳ ಒಂದು ಕೋಷ್ಟಕ, ಮತ್ತು ಪದ ಹುಡುಕುವ ಸೌಲಭ್ಯವಿರುವ ಯಾವುದೇ ಬರಹ ತಂತ್ರಾಂಶ.

## ಹಂತ 1: ಕ್ಲೇಮಿನ ರಚನೆಯನ್ನು ಬಿಡಿಸಿ ನೋಡಿ

ಪೇಟೆಂಟ್ ಕೊಡುವ ರಕ್ಷಣೆ ಎಲ್ಲಿಯವರೆಗೆ ಎಂದು ತೀರ್ಮಾನಿಸುವುದು ಕ್ಲೇಮುಗಳು. ವಿವರಣೆ ಮತ್ತು ಚಿತ್ರಗಳನ್ನು ಅವುಗಳ ಅರ್ಥ ತಿಳಿಯಲು ಬಳಸುತ್ತಾರೆ. ಯುರೋಪಿಯನ್ ಪೇಟೆಂಟ್ ಒಡಂಬಡಿಕೆಯ 69ನೇ ವಿಧಿ ಇದನ್ನೇ ನೇರವಾಗಿ ಹೇಳುತ್ತದೆ.

ಒಂದು ಕ್ಲೇಮಿನಲ್ಲಿ ಮೂರು ಭಾಗಗಳಿರುತ್ತವೆ. ವಸ್ತು ಯಾವುದೆಂದು ಹೇಳುವ ಪೀಠಿಕೆ, ಅದನ್ನು ಮುಂದಿನದಕ್ಕೆ ಕೊಂಡಿ ಹಾಕುವ ಪದ, ನಂತರ ಅಂಶಗಳನ್ನು ಒಂದೊಂದಾಗಿ ಹೇಳುವ ಒಡಲು. ಬೇರೆ ಯಾವ ಕ್ಲೇಮಿನ ಮೇಲೂ ನಿಲ್ಲದೆ ತಾನೇ ಪೂರ್ಣವಾಗಿರುವುದು ಸ್ವತಂತ್ರ ಕ್ಲೇಮು. ಮತ್ತೊಂದು ಕ್ಲೇಮಿನ ಸಂಖ್ಯೆ ಹೇಳಿ, ಅದರಲ್ಲಿರುವುದನ್ನೆಲ್ಲ ಎತ್ತಿಕೊಂಡು, ಮೇಲಿಂದ ಏನನ್ನಾದರೂ ಸೇರಿಸುವುದು ಅವಲಂಬಿತ ಕ್ಲೇಮು. ಈ ಬರಹದ ಉದ್ದಕ್ಕೂ ಬಳಸಲು ಒಂದು ಸಣ್ಣ ಕ್ಲೇಮು ಪಟ್ಟಿಯನ್ನು ಕಟ್ಟಿದ್ದೇನೆ:

1. ಒಂದು ಬಾಟಲಿ, ಇದು ಒಳಗೊಂಡಿರುವುದು: ಒಂದು ಬಾಯಿ ಇರುವ ಒಂದು ಪಾತ್ರೆ; ಸದರಿ ಬಾಯಿಯನ್ನು ಮುಚ್ಚುವ ಒಂದು ಮುಚ್ಚಳ; ಮತ್ತು ಸದರಿ ಮುಚ್ಚಳವನ್ನು ಸದರಿ ಪಾತ್ರೆಗೆ ಸೇರಿಸಿ ಹಿಡಿಯುವ ಒಂದು ಜೋಡಣೆ ಭಾಗ.

2. ಕ್ಲೇಮು 1ರ ಪ್ರಕಾರದ ಬಾಟಲಿ, ಇದರಲ್ಲಿ ಸದರಿ ಜೋಡಣೆ ಭಾಗವು ಒಂದು ಕೀಲು ಆಗಿರುತ್ತದೆ.

3. ಕ್ಲೇಮು 2ರ ಪ್ರಕಾರದ ಬಾಟಲಿ, ಇದರಲ್ಲಿ ಸದರಿ ಕೀಲು ಸದರಿ ಮುಚ್ಚಳದೊಂದಿಗೆ ಒಂದೇ ತುಂಡಾಗಿ ರೂಪುಗೊಂಡಿರುತ್ತದೆ.

4. ಕ್ಲೇಮು 1ರಿಂದ 3ರವರೆಗಿನ ಯಾವುದಾದರೂ ಒಂದರ ಪ್ರಕಾರದ ಬಾಟಲಿ, ಇದು ಸದರಿ ಮುಚ್ಚಳ ಮತ್ತು ಸದರಿ ಬಾಯಿಯ ನಡುವೆ ಇರುವ ಒಂದು ಸೋರುತಡೆ ಭಾಗವನ್ನು ಹೆಚ್ಚುವರಿಯಾಗಿ ಒಳಗೊಂಡಿರುತ್ತದೆ.

5. ಕ್ಲೇಮು 4ರ ಪ್ರಕಾರದ ಬಾಟಲಿ, ಇದರಲ್ಲಿ ಸದರಿ ಸೋರುತಡೆ ಭಾಗವು ಒಂದು ರಬ್ಬರ್ ವಾಷರ್ ಆಗಿರುತ್ತದೆ.

ಎರಡನೆಯ ಕ್ಲೇಮು ಒಂದೇ ಸಾಲಿನಲ್ಲಿದ್ದರೂ ಕಾನೂನಿನ ಕಣ್ಣಿಗೆ ಅದರಲ್ಲಿ ಪಾತ್ರೆ, ಬಾಯಿ, ಮುಚ್ಚಳ, ಜೋಡಣೆ ಭಾಗ ಎಲ್ಲವೂ ಇವೆ. ಆ ಜೋಡಣೆ ಭಾಗ ಕೀಲೇ ಆಗಿರಬೇಕೆಂಬ ಷರತ್ತು ಮಾತ್ರ ಹೊಸದು. ಷರತ್ತು ಹೆಚ್ಚಾದಷ್ಟೂ ವ್ಯಾಪ್ತಿ ಕಿರಿದಾಗುತ್ತದೆ. ಮುಚ್ಚಳವನ್ನು ದಾರದಿಂದ ಕಟ್ಟಿದ ಬಾಟಲಿಯೊಂದನ್ನು ಯಾರಾದರೂ ಮಾರಿದರೆ ಅದು ಕ್ಲೇಮು 1ರೊಳಗೆ ಬರುತ್ತದೆ, ಕ್ಲೇಮು 2ರೊಳಗೆ ಬರುವುದಿಲ್ಲ.

ಹಾಗಾದರೆ ಕಿರಿದಾದ ಕ್ಲೇಮುಗಳು ಯಾಕೆ ಬೇಕು? ದಾರ ಕಟ್ಟಿದ ಮುಚ್ಚಳದ ಬಾಟಲಿ ಈ ಅರ್ಜಿಗಿಂತ ಮೊದಲೇ ಇತ್ತು ಎಂದು ಎದುರಾಳಿ ತೋರಿಸಿಬಿಟ್ಟರೆ ಕ್ಲೇಮು 1ರ ಹೊಸತನ ಹೋಗುತ್ತದೆ. ಆಗ ಪೇಟೆಂಟ್ ಹಿಡಿದವರು ಹಿಂದೆ ಸರಿದು ನಿಲ್ಲುವ ಜಾಗ ಕ್ಲೇಮು 2. ಅದೂ ಬಿದ್ದರೆ ಕ್ಲೇಮು 3. ಪ್ರತಿ ಅವಲಂಬಿತ ಕ್ಲೇಮೂ ಹೀಗೆ ಎಣಿಸಿ ಇಟ್ಟ ಒಂದು ಹಿಂದಿನ ನೆಲೆ. ಮೂಲದಲ್ಲಿ ಎರಡು ಕ್ಲೇಮುಗಳ ನಡುವೆ ಎಷ್ಟು ಅಂತರವಿದೆಯೋ ಅನುವಾದದಲ್ಲೂ ಅಷ್ಟೇ ಅಂತರ ಉಳಿಯಬೇಕು.

ಅವಲಂಬಿತ ಕ್ಲೇಮು ತಾನು ನಿಂತ ಕ್ಲೇಮಿನ ಒಳಗೇ ಇರಬೇಕೆಂಬ ನಿಯಮ ಎಷ್ಟು ಗಟ್ಟಿಯಾದದ್ದು ಎಂದು ತಿಳಿಯಲು ಅಟೋರ್ವಾಸ್ಟಾಟಿನ್ ಔಷಧದ ಪ್ರಕರಣ ನೋಡಬೇಕು. ಫೈಜರ್ ಮತ್ತು ರ್‍ಯಾನ್‌ಬಾಕ್ಸಿ ನಡುವಿನ ಆ ವ್ಯಾಜ್ಯದಲ್ಲಿ ಒಂದು ಪೇಟೆಂಟಿನ ಕ್ಲೇಮು 2 ಆಮ್ಲವನ್ನು ಮಾತ್ರ ಹೇಳುತ್ತಿತ್ತು. ಕ್ಲೇಮು 6 ‘ಕ್ಲೇಮು 2ರ ಸಂಯುಕ್ತದ ಕ್ಯಾಲ್ಸಿಯಂ ಲವಣ’ ಎಂಬ ಧಾಟಿಯಲ್ಲಿತ್ತು. ಆಮ್ಲ ಎಂದರೆ ಅದರಲ್ಲಿ ಲವಣ ಸೇರುವುದಿಲ್ಲ, ಹಾಗಾಗಿ ಕ್ಲೇಮು 6 ಕ್ಲೇಮು 2ರ ಹೊರಗೆ ಬಿದ್ದಿದೆ ಎಂದು ಅಮೆರಿಕದ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯ 2006ರಲ್ಲಿ ಅದನ್ನು ಅಸಿಂಧುಗೊಳಿಸಿತು. ಅದೇ ವಿಷಯವನ್ನು ಸ್ವತಂತ್ರ ಕ್ಲೇಮಾಗಿ ಬರೆಯಬಹುದಿತ್ತು ಎಂದೂ ಹೇಳಿತು. ಅದು ಅನುವಾದದ ತಪ್ಪಲ್ಲ. ಆದರೆ ಕ್ಲೇಮು 2ರಲ್ಲಿ ಒಂದು ಪದವನ್ನು ಕಿರಿದು ಮಾಡಿದ ಅನುವಾದಕ ಇದೇ ಸ್ಥಿತಿಯನ್ನು ತನ್ನ ಕೈಯಾರೆ ತಂದಿಡಬಹುದು.

## ಹಂತ 2: ಅವಲಂಬನೆಯ ಮರವನ್ನು ಹಾಳೆಯ ಮೇಲೆ ಬರೆಯಿರಿ

ಅನುವಾದದ ಒಂದು ಪದವನ್ನೂ ಬರೆಯುವ ಮೊದಲು ಯಾವ ಕ್ಲೇಮು ಯಾವುದರ ಮೇಲೆ ನಿಂತಿದೆ ಎಂದು ಗೆರೆ ಎಳೆದು ತೋರಿಸಿ. ನಮ್ಮ ಉದಾಹರಣೆಯಲ್ಲಿ 1ರಿಂದ 2, 2ರಿಂದ 3, ಮತ್ತೆ 1, 2, 3 ಮೂರರಿಂದಲೂ 4ಕ್ಕೆ, 4ರಿಂದ 5.

ಪ್ರತಿ ಸಂಖ್ಯೆಯ ಪಕ್ಕದಲ್ಲಿ, ಆ ಕ್ಲೇಮಿನಲ್ಲಿ ಮೊದಲ ಬಾರಿಗೆ ಹುಟ್ಟುವ ಅಂಶವನ್ನು ಬರೆಯಿರಿ. 1ರ ಪಕ್ಕ ಪಾತ್ರೆ, ಬಾಯಿ, ಮುಚ್ಚಳ, ಜೋಡಣೆ ಭಾಗ. 2ರ ಪಕ್ಕ ಕೀಲು. 4ರ ಪಕ್ಕ ಸೋರುತಡೆ ಭಾಗ. 5ರ ಪಕ್ಕ ರಬ್ಬರ್ ವಾಷರ್. 3ರ ಪಕ್ಕ ಯಾವ ಹೊಸ ವಸ್ತುವೂ ಇಲ್ಲ, ಒಂದು ಗುಣ ಮಾತ್ರ ಇದೆ. ಐದು ಕ್ಲೇಮುಗಳಿಗೆ ಇದು ಅನಗತ್ಯ ಎನ್ನಿಸಬಹುದು. ಮೂವತ್ತು ಕ್ಲೇಮುಗಳಿರುವ ಅರ್ಜಿಯಲ್ಲಿ ಈ ಹಾಳೆ ಇಲ್ಲದೆ ಸರಿಯಾದ ಅನುವಾದ ಸಾಧ್ಯವೆಂದು ನಾನು ನಂಬುವುದಿಲ್ಲ.

ಕ್ಲೇಮು 4ರಂಥವನ್ನು ಬಹು ಅವಲಂಬಿತ ಕ್ಲೇಮು ಎನ್ನುತ್ತಾರೆ. ಅದು ಒಂದೇ ಸಾಲಿನಲ್ಲಿ ಅಡಗಿರುವ ಮೂರು ಕ್ಲೇಮು. ಅದರಲ್ಲಿ ‘ಸದರಿ ಕೀಲು’ ಎಂಬ ಮಾತು ಬರಲಾರದು, ಯಾಕೆಂದರೆ ಕ್ಲೇಮು 1ರ ದಾರಿಯಲ್ಲಿ ಬಂದವರಿಗೆ ಕೀಲು ಎಂಬುದೇ ಇಲ್ಲ. ಮರ ಬರೆದಿದ್ದರೆ ಇದು ಒಂದು ನೋಟಕ್ಕೆ ಕಾಣುತ್ತದೆ.

## ಹಂತ 3: ಪದಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಕಟ್ಟಿ

ಹೆಚ್ಚಿನವರು ಕ್ಲೇಮು 1ರಿಂದ ಪದ ಆರಿಸುತ್ತಾ ಇಳಿಯುತ್ತಾರೆ. ಇದೇ ತಪ್ಪುಗಳ ತವರು. ಪದಗಳನ್ನು ಆರಿಸಬೇಕಾದದ್ದು ಅತಿ ಕಿರಿದಾದ ಕ್ಲೇಮಿನಿಂದ ಮೇಲಕ್ಕೆ.

ಕಾರಣ ಹೀಗಿದೆ. ಮೂಲ ಇಂಗ್ಲಿಷಿನ ಕ್ಲೇಮು 1ರಲ್ಲಿ ‘ಕನೆಕ್ಟಿಂಗ್ ಮೆಂಬರ್’ ಎಂದಿದೆ ಎಂದುಕೊಳ್ಳಿ. ಚಿತ್ರ ನೋಡಿದರೆ ಅಲ್ಲಿ ಇರುವುದು ಕೀಲು. ವಿವರಣೆಯಲ್ಲೂ ಕೀಲಿನ ಮಾತೇ ಇದೆ. ಅನುವಾದಕ ಸಹಜವಾಗಿ ‘ಮುಚ್ಚಳವನ್ನು ಪಾತ್ರೆಗೆ ಸೇರಿಸುವ ಕೀಲು’ ಎಂದು ಬರೆಯುತ್ತಾನೆ. ವಾಕ್ಯ ಚೆನ್ನಾಗಿದೆ, ಓದುಗನಿಗೆ ತಕ್ಷಣ ಅರ್ಥವಾಗುತ್ತದೆ. ಆದರೆ ಕ್ಲೇಮು 2ಕ್ಕೆ ಬಂದಾಗ ಅಲ್ಲಿರುವುದು ‘ಸದರಿ ಕೀಲು ಒಂದು ಕೀಲು ಆಗಿರುತ್ತದೆ’ ಎಂದಾಗುತ್ತದೆ. ಅನುವಾದಕನಿಗೆ ಅದು ವಿಚಿತ್ರವಾಗಿ ಕಾಣುತ್ತದೆ. ಸರಿಪಡಿಸಲೆಂದು ‘ಸದರಿ ಕೀಲು ತಿರುಗುವ ಕೀಲು ಆಗಿರುತ್ತದೆ’ ಎಂದು ಬದಲಿಸುತ್ತಾನೆ.

ಇಲ್ಲಿ ಒಂದರ ಮೇಲೊಂದು ಎರಡು ಹಾನಿ ಆದವು. ಕ್ಲೇಮು 1 ಕೀಲಿಗೆ ಕುಗ್ಗಿತು, ದಾರ ಕಟ್ಟಿ ಮಾರುವವನು ಹೊರಗೆ ಉಳಿದ. ಕ್ಲೇಮು 2ರಲ್ಲಿ ಮೂಲದಲ್ಲಿಲ್ಲದ ‘ತಿರುಗುವ’ ಎಂಬ ಷರತ್ತು ಬಂತು.

ಅವಲಂಬಿತ ಕ್ಲೇಮು ಒಂದು ಅಂಶವನ್ನು ಕಿರಿದು ಮಾಡುತ್ತಿದ್ದರೆ, ಮೇಲಿನ ಕ್ಲೇಮಿನಲ್ಲಿ ಆ ಅಂಶ ಅಷ್ಟು ಕಿರಿದಾಗಿಲ್ಲ ಎಂದೇ ಅರ್ಥ. ಅಮೆರಿಕದ ನ್ಯಾಯಾಲಯಗಳು ಇದನ್ನು ಕ್ಲೇಮು ಭೇದ ಎಂಬ ತತ್ವವಾಗಿ ಬಳಸುತ್ತವೆ. ಕ್ಲೇಮು 2 ಕೀಲನ್ನು ಸೇರಿಸಿರುವುದರಿಂದ ಕ್ಲೇಮು 1ಕ್ಕೆ ಕೀಲು ಕಡ್ಡಾಯವಲ್ಲ ಎಂದು ಊಹಿಸಿಕೊಳ್ಳಲಾಗುತ್ತದೆ. ಆ ಊಹೆಯನ್ನು ಬೇರೆ ಆಧಾರಗಳಿಂದ ಅಲ್ಲಗಳೆಯಬಹುದು, ಆದರೆ ವಾದ ಶುರುವಾಗುವುದು ಅಲ್ಲಿಂದಲೇ. ಅನುವಾದದಲ್ಲಿ ಎರಡೂ ಕಡೆ ಕೀಲು ಬಂದರೆ ಆ ವಾದಕ್ಕೆ ನಿಲ್ಲಲು ನೆಲವೇ ಇರುವುದಿಲ್ಲ.

ಹಾಗಾಗಿ ಕೆಳಗಿನಿಂದ ಹೊರಡಿ. ಕ್ಲೇಮು 5ರಲ್ಲಿ ‘ವಾಷರ್’ ಎಂಬ ಪದಕ್ಕೆ ಜಾಗ ಕೊಡಿ. ಅದು ಖರ್ಚಾಯಿತು, ಇನ್ನು ಮೇಲೆ ಎಲ್ಲೂ ಅದನ್ನು ಬಳಸುವಂತಿಲ್ಲ. ಕ್ಲೇಮು 4ರ ಅಂಶಕ್ಕೆ ಅದಕ್ಕಿಂತ ಅಗಲವಾದ ಪದ ಬೇಕು, ‘ಸೋರುತಡೆ ಭಾಗ’ ಸರಿಹೊಂದುತ್ತದೆ. ಕ್ಲೇಮು 2ಕ್ಕೆ ‘ಕೀಲು’, ಕ್ಲೇಮು 1ಕ್ಕೆ ‘ಜೋಡಣೆ ಭಾಗ’. ಇಂಥ ಅಗಲವಾದ ಪದಗಳು ಕಿವಿಗೆ ಸೊಗಸಾಗಿರುವುದಿಲ್ಲ. ಮೂಲದಲ್ಲೂ ಅವು ಸೊಗಸಾಗಿಲ್ಲ. ಬರೆದವರು ಬೇಕೆಂದೇ ಹಾಗೆ ಅಗಲವಾಗಿ ಇಟ್ಟಿದ್ದಾರೆ.

ಕೋಷ್ಟಕದಲ್ಲಿ ಮೂಲ ಪದ, ಆರಿಸಿದ ಪದ, ಅದು ಮೊದಲು ಹುಟ್ಟಿದ ಕ್ಲೇಮಿನ ಸಂಖ್ಯೆ ಈ ಮೂರು ಇದ್ದರೆ ಸಾಕು. ಒಂದು ಮೂಲ ಪದಕ್ಕೆ ಒಂದೇ ಪದ. ಎರಡು ಬೇರೆ ಮೂಲ ಪದಗಳಿಗೆ, ಅವು ನಿಮಗೆ ಸಮಾನಾರ್ಥಕವೆಂದು ಕಂಡರೂ, ಎರಡು ಬೇರೆ ಪದ. ಮೂಲದಲ್ಲಿ ‘ಜೋಡಣೆ ಭಾಗ’ ಮತ್ತು ‘ಬಂಧಕ ಭಾಗ’ ಎಂದು ಎರಡಿದ್ದರೆ ಅವು ಎರಡು ವಸ್ತುಗಳಾಗಿರಬಹುದು. ಒಂದೇ ಎಂದು ತೀರ್ಮಾನಿಸುವುದು ನಿಮ್ಮ ಕೆಲಸವಲ್ಲ.

## ಹಂತ 4: ಸ್ವತಂತ್ರ ಕ್ಲೇಮನ್ನು ಅನುವಾದಿಸಿ

ಇಲ್ಲಿ ಎರಡು ವಿಷಯ ಮಾತ್ರ ಹೇಳುತ್ತೇನೆ.

ಮೊದಲನೆಯದು ಕೊಂಡಿ ಪದ. ಅಮೆರಿಕದ ರೂಢಿಯಲ್ಲಿ ‘ಕಂಪ್ರೈಸಿಂಗ್’ ಎಂದರೆ ಬಾಗಿಲು ತೆರೆದಿದೆ. ಹೇಳಿದ ಅಂಶಗಳು ಇರಬೇಕು, ಬೇರೆಯವೂ ಇರಬಹುದು. ‘ಕನ್ಸಿಸ್ಟಿಂಗ್ ಆಫ್’ ಎಂದರೆ ಹೇಳಿದವಷ್ಟೇ. ಮೊದಲನೆಯದಕ್ಕೆ ‘ಒಳಗೊಂಡಿರುವ’, ಎರಡನೆಯದಕ್ಕೆ ‘ಇಷ್ಟರಿಂದ ಮಾತ್ರ ಕೂಡಿದ’ ಎಂದು ಗಟ್ಟಿಯಾಗಿ ಬೇರೆ ಮಾಡಿ. ‘ಬಾಟಲಿಯು ಪಾತ್ರೆ, ಮುಚ್ಚಳ ಮತ್ತು ಜೋಡಣೆ ಭಾಗಗಳಿಂದ ಮಾಡಲ್ಪಟ್ಟಿದೆ’ ಎಂದು ಬರೆದರೆ ಬಾಗಿಲು ಅರ್ಧ ಮುಚ್ಚಿದಂತೆ. ಆಗ ಸೋರುತಡೆ ಭಾಗವನ್ನು ಸೇರಿಸುವ ಕ್ಲೇಮು 4ಕ್ಕೇ ಜಾಗವಿಲ್ಲವೆಂಬ ವಾದ ಹುಟ್ಟುತ್ತದೆ.

ಎರಡನೆಯದು ವಾಕ್ಯದ ಕಟ್ಟು. ಒಂದು ಕ್ಲೇಮು ಒಂದೇ ವಾಕ್ಯದಲ್ಲಿ ಇರುವುದು ರೂಢಿ. ಕನ್ನಡದಲ್ಲಿ ವಿಶೇಷಣ ಮೊದಲು, ನಾಮಪದ ಕೊನೆಗೆ ಬರುತ್ತದೆ. ಎಲ್ಲವನ್ನೂ ಹಾಗೇ ಪೋಣಿಸಲು ಹೊರಟರೆ ‘ಬಾಯಿ ಇರುವ ಪಾತ್ರೆಗೆ ಬಾಯಿಯನ್ನು ಮುಚ್ಚುವ ಮುಚ್ಚಳವನ್ನು ಸೇರಿಸಿ ಹಿಡಿಯುವ ಜೋಡಣೆ ಭಾಗವನ್ನು ಒಳಗೊಂಡ ಬಾಟಲಿ’ ಎಂಬಂಥ ಸಾಲು ಬರುತ್ತದೆ. ಇದರಲ್ಲಿ ಬಾಟಲಿ ಒಳಗೊಂಡಿರುವುದು ಜೋಡಣೆ ಭಾಗವನ್ನು ಮಾತ್ರ. ಪಾತ್ರೆ ಮತ್ತು ಮುಚ್ಚಳ ಆ ಭಾಗವನ್ನು ಬಣ್ಣಿಸುವ ಪದಗಳಾಗಿ ಕುಗ್ಗಿಬಿಟ್ಟಿವೆ. ಆದ್ದರಿಂದ ‘ಒಂದು ಬಾಟಲಿ, ಇದು ಒಳಗೊಂಡಿರುವುದು:’ ಎಂದು ಶುರು ಮಾಡಿ, ಪ್ರತಿ ಅಂಶವನ್ನೂ ಅರ್ಧವಿರಾಮದಿಂದ ಬೇರ್ಪಡಿಸಿ ಸಾಲಾಗಿ ಇಡುವುದು ಸುರಕ್ಷಿತ. ಅಂಶಗಳ ಕ್ರಮ ಮೂಲದಲ್ಲಿದ್ದಂತೆಯೇ ಇರಲಿ.

## ಹಂತ 5: ಅವಲಂಬಿತ ಕ್ಲೇಮುಗಳನ್ನು ಒಂದೇ ಅಚ್ಚಿನಲ್ಲಿ ಬರೆಯಿರಿ

ಇದು ಹೆಚ್ಚು ಹೊತ್ತು ಕೂರಬೇಕಾದ ಹಂತ. ಪ್ರತಿ ಅವಲಂಬಿತ ಕ್ಲೇಮಿನಲ್ಲಿ ನಾಲ್ಕು ಕಡೆ ಕಾಲು ಜಾರುತ್ತದೆ.

ಹಿಂದಿನ ಕ್ಲೇಮನ್ನು ಹೆಸರಿಸುವ ರೀತಿ. ‘ಕ್ಲೇಮು 1ರಂತಹ ಬಾಟಲಿ’ ಎಂಬುದನ್ನು ಪದೇ ಪದೇ ನೋಡುತ್ತೇನೆ. ‘ಅಂತಹ’ ಎಂದರೆ ಅದನ್ನು ಹೋಲುವ. ಹೋಲುವ ಬಾಟಲಿ ಎಂದರೆ ಅದೇ ಬಾಟಲಿ ಅಲ್ಲ, ಅದರ ಎಲ್ಲ ಅಂಶಗಳೂ ಇದರಲ್ಲಿರಬೇಕಿಲ್ಲ. ಒಂದು ಪ್ರತ್ಯಯದಿಂದ ಅವಲಂಬನೆಯೇ ಕಳಚಿಹೋಯಿತು. ‘ಕ್ಲೇಮು 1ರ ಪ್ರಕಾರದ’ ಅಥವಾ ‘ಕ್ಲೇಮು 1ರಲ್ಲಿ ಹೇಳಿರುವ’ ಇವೆರಡರಲ್ಲಿ ಒಂದನ್ನು ಆರಿಸಿ, ಕೊನೆಯ ಕ್ಲೇಮಿನವರೆಗೂ ಅದನ್ನೇ ಬಳಸಿ. ಬಹು ಅವಲಂಬನೆಯಲ್ಲಿ ‘ಕ್ಲೇಮು 1, 2 ಮತ್ತು 3ರ ಪ್ರಕಾರದ’ ಎಂದು ಬರೆಯಬೇಡಿ. ಅದು ಮೂರನ್ನೂ ಒಟ್ಟಿಗೆ ಬೇಡುತ್ತದೆ. ಪಿಸಿಟಿಯ 6.4ನೇ ನಿಯಮ ಬಹು ಅವಲಂಬನೆಯನ್ನು ಆಯ್ಕೆಯ ರೂಪದಲ್ಲಿ ಮಾತ್ರ ಒಪ್ಪುತ್ತದೆ. ‘ಯಾವುದಾದರೂ ಒಂದರ’ ಎಂಬ ಮಾತು ಅಲ್ಲಿ ಇರಲೇಬೇಕು.

ಹೊಸದನ್ನು ಸೇರಿಸುವುದೋ, ಇರುವುದನ್ನು ಕಿರಿದು ಮಾಡುವುದೋ. ಅವಲಂಬಿತ ಕ್ಲೇಮು ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ. ಕ್ಲೇಮು 4 ಹೊಸ ವಸ್ತುವನ್ನು ತರುತ್ತದೆ. ಕ್ಲೇಮು 2 ಇರುವ ವಸ್ತುವಿಗೇ ಷರತ್ತು ಹಾಕುತ್ತದೆ. ಕ್ಲೇಮು 2ನ್ನು ‘ಇದು ಒಂದು ಕೀಲನ್ನೂ ಒಳಗೊಂಡಿರುತ್ತದೆ’ ಎಂದು ಅನುವಾದಿಸಿದರೆ ಏನಾಗುತ್ತದೆ ನೋಡಿ. ಈಗ ಬಾಟಲಿಯಲ್ಲಿ ಜೋಡಣೆ ಭಾಗವೂ ಇರಬೇಕು, ಅದಲ್ಲದೆ ಕೀಲೂ ಇರಬೇಕು. ಕೀಲು ಒಂದೇ ಇರುವ ಬಾಟಲಿ, ಅಂದರೆ ಮೂಲ ಆವಿಷ್ಕಾರವೇ, ತನ್ನದೇ ಕ್ಲೇಮಿನ ಹೊರಗೆ ನಿಲ್ಲುತ್ತದೆ. ‘ಊ’ ಎಂಬ ಒಂದು ಪ್ರತ್ಯಯ ಸಾಕು ಇದಕ್ಕೆ. ಕಿರಿದು ಮಾಡುವ ಕಡೆ ‘ಇದರಲ್ಲಿ ಸದರಿ… ಆಗಿರುತ್ತದೆ’, ಸೇರಿಸುವ ಕಡೆ ‘ಇದು… ಹೆಚ್ಚುವರಿಯಾಗಿ ಒಳಗೊಂಡಿರುತ್ತದೆ’ ಎಂದು ಎರಡು ಅಚ್ಚು ಇಟ್ಟುಕೊಳ್ಳಿ.

‘ಒಂದು’ ಮತ್ತು ‘ಸದರಿ’. ಇಂಗ್ಲಿಷಿನಲ್ಲಿ ವಸ್ತು ಮೊದಲ ಬಾರಿ ಬಂದಾಗ ಒಂದು ಗುರುತು, ಮತ್ತೆ ಬಂದಾಗ ಇನ್ನೊಂದು ಗುರುತು ಇರುತ್ತದೆ. ಕನ್ನಡದಲ್ಲಿ ಎರಡನ್ನೂ ಬಿಟ್ಟರೂ ವಾಕ್ಯ ನಡೆಯುತ್ತದೆ, ಆದ್ದರಿಂದ ಅನುವಾದಕರು ಬಿಟ್ಟುಬಿಡುತ್ತಾರೆ. ಬಿಡಬೇಡಿ. ಮೊದಲ ಬಾರಿ ‘ಒಂದು ಮುಚ್ಚಳ’, ಆಮೇಲೆ ಪ್ರತಿ ಬಾರಿಯೂ ‘ಸದರಿ ಮುಚ್ಚಳ’. ಕರಾರುಪತ್ರ ಓದಿದವರಿಗೆ ಇದು ಹೊಸದೇನಲ್ಲ. ಕ್ಲೇಮು 3ರಲ್ಲಿ ‘ಒಂದು ಮುಚ್ಚಳದೊಂದಿಗೆ ಒಂದೇ ತುಂಡಾಗಿ’ ಎಂದು ಬರೆದರೆ ಎರಡನೆಯ ಮುಚ್ಚಳ ಹುಟ್ಟಿಕೊಳ್ಳುತ್ತದೆ. ‘ಸದರಿ’ ಎಂದು ಬರೆದ ವಸ್ತು ಹಿಂದೆಲ್ಲೂ ಹುಟ್ಟಿರದಿದ್ದರೆ ಪೇಟೆಂಟ್ ಕಚೇರಿಯ ಪರೀಕ್ಷಕರು ಕ್ಲೇಮು ಅಸ್ಪಷ್ಟ ಎಂದು ಆಕ್ಷೇಪಿಸುತ್ತಾರೆ. ಇನ್ನೊಂದು ಎಚ್ಚರಿಕೆ: ‘ಒಂದು’ ಎಂಬುದನ್ನು ಒತ್ತಿ ‘ಒಂದೇ ಒಂದು ಮುಚ್ಚಳ’ ಎಂದೋ ‘ಏಕೈಕ’ ಎಂದೋ ಮಾಡಬೇಡಿ. ತೆರೆದ ಕ್ಲೇಮಿನಲ್ಲಿ ‘ಒಂದು’ ಎಂದರೆ ಸಾಮಾನ್ಯವಾಗಿ ಒಂದು ಅಥವಾ ಹೆಚ್ಚು. ಮೂಲದಲ್ಲಿ ‘ಕನಿಷ್ಠ ಒಂದು ರಂಧ್ರ’ ಎಂದಿದ್ದರೆ ಮುಂದಿನ ಕ್ಲೇಮುಗಳಲ್ಲೂ ‘ಸದರಿ ಕನಿಷ್ಠ ಒಂದು ರಂಧ್ರ’ ಎಂದೇ ಹೋಗಬೇಕು, ‘ಸದರಿ ರಂಧ್ರಗಳು’ ಎಂದಲ್ಲ.

ವಿಭಕ್ತಿ ಪ್ರತ್ಯಯ. ಪ್ರಕ್ರಿಯೆಯನ್ನು ಹೇಳುವ ಕ್ಲೇಮುಗಳಲ್ಲಿ ಇದು ಎಲ್ಲಕ್ಕಿಂತ ಅಪಾಯಕಾರಿ. ಷೆಫ್ ಅಮೆರಿಕ ಮತ್ತು ಲ್ಯಾಂಬ್ ವೆಸ್ಟನ್ ಎಂಬ ಕಂಪನಿಗಳ ನಡುವಿನ ವ್ಯಾಜ್ಯದಲ್ಲಿ, ಲೇಪ ಹಚ್ಚಿದ ಹಿಟ್ಟನ್ನು ಸುಮಾರು 400ರಿಂದ 850 ಡಿಗ್ರಿ ಫ್ಯಾರನ್‌ಹೀಟ್ ಉಷ್ಣತೆ‘ಗೆ’ ಬಿಸಿ ಮಾಡುವುದು ಎಂದು ಕ್ಲೇಮಿನಲ್ಲಿತ್ತು. ಆ ಉಷ್ಣತೆ‘ಯಲ್ಲಿ’ ಬಿಸಿ ಮಾಡುವುದು, ಅಂದರೆ ಅದು ಒಲೆಯೊಳಗಿನ ಶಾಖ ಎಂಬುದು ಪೇಟೆಂಟ್ ಹಿಡಿದವರ ವಾದವಾಗಿತ್ತು. ಹಿಟ್ಟೇ ಅಷ್ಟು ಬಿಸಿಯಾದರೆ ಸುಟ್ಟು ಕರಕಲಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ 2004ರಲ್ಲಿ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯ ಬರೆದ ಮಾತಿಗೆ ಬರೆದ ಅರ್ಥವನ್ನೇ ಕೊಟ್ಟಿತು, ಕ್ಲೇಮನ್ನು ತಿದ್ದಿ ಓದಲು ಒಪ್ಪಲಿಲ್ಲ. ಕನ್ನಡದಲ್ಲಿ ‘ಉಷ್ಣತೆಗೆ’, ‘ಉಷ್ಣತೆಯಲ್ಲಿ’, ‘ಉಷ್ಣತೆಯವರೆಗೆ’ ಮೂರೂ ನಾಲಿಗೆಗೆ ಸುಲಭವಾಗಿ ಬರುತ್ತವೆ. ಕ್ಲೇಮು 1ರಲ್ಲಿ ‘ಗೆ’ ಬಳಸಿ ಕ್ಲೇಮು 7ರಲ್ಲಿ ‘ಯಲ್ಲಿ’ ಎಂದರೆ, ಕೆಳಗಿನದು ಮೇಲಿನದನ್ನು ಕಿರಿದು ಮಾಡುತ್ತಿಲ್ಲ, ಬೇರೆಯದನ್ನೇ ಹೇಳುತ್ತಿದೆ.

## ಹಂತ 6: ಮೂಲದ ತಪ್ಪನ್ನು ತಿದ್ದಬೇಡಿ, ವರದಿ ಮಾಡಿ

ಮೂಲದಲ್ಲೇ ತಪ್ಪುಗಳಿರುತ್ತವೆ. ಕ್ಲೇಮು 5 ‘ಕ್ಲೇಮು 3ರ ಪ್ರಕಾರದ’ ಎಂದಿದೆ, ಆದರೆ ಅದು ಮಾತಾಡುತ್ತಿರುವುದು ಕ್ಲೇಮು 4ರಲ್ಲಿ ಹುಟ್ಟಿದ ಸೋರುತಡೆ ಭಾಗದ ಬಗ್ಗೆ ಎಂದುಕೊಳ್ಳಿ. ಬರೆದವರ ಕೈತಪ್ಪು ಎಂಬುದು ಸ್ಪಷ್ಟ. ಸಂಖ್ಯೆ ಬದಲಿಸಲು ಕೈ ತುರಿಸುತ್ತದೆ.

ಬದಲಿಸಬೇಡಿ. ಅನುವಾದ ಮೂಲಕ್ಕೆ ಸರಿಸಮ ಎಂಬ ನಂಬಿಕೆಯ ಮೇಲೆ ಅದನ್ನು ಕಚೇರಿಗೆ ಸಲ್ಲಿಸಲಾಗುತ್ತದೆ. ತಿದ್ದುಪಡಿಗೆ ಬೇರೆ ದಾರಿಯಿದೆ, ಅದಕ್ಕೆ ಅದರದೇ ಮಿತಿಗಳಿವೆ, ಅದನ್ನು ಮಾಡಬೇಕಾದವರು ವಕೀಲರು. ತಪ್ಪನ್ನು ಇದ್ದಂತೆಯೇ ಅನುವಾದಿಸಿ, ಪ್ರತ್ಯೇಕ ಟಿಪ್ಪಣಿಯಲ್ಲಿ ಕ್ಲೇಮು ಸಂಖ್ಯೆ, ಮೂಲದ ಮಾತು, ನಿಮ್ಮ ಸಂಶಯ ಮೂರನ್ನೂ ಬರೆದು ಕಳುಹಿಸಿ.

ಬಹು ಅವಲಂಬಿತ ಕ್ಲೇಮೊಂದು ಇನ್ನೊಂದು ಬಹು ಅವಲಂಬಿತ ಕ್ಲೇಮಿನ ಮೇಲೆ ನಿಂತಿದ್ದರೂ ಇದೇ ಕ್ರಮ. ಯುರೋಪಿನಲ್ಲಿ ಅದು ನಡೆಯುತ್ತದೆ. ಅಮೆರಿಕ ಒಪ್ಪುವುದಿಲ್ಲ, ಜಪಾನ್ 2022ರ ಏಪ್ರಿಲ್‌ನಿಂದ ಒಪ್ಪುತ್ತಿಲ್ಲ. ಆ ದೇಶದ ನಿಯಮ ನಿಮಗೆ ಗೊತ್ತಿದ್ದರೂ ಬಿಡಿಸಿ ಬರೆಯುವ ನಿರ್ಧಾರ ನಿಮ್ಮದಲ್ಲ.

## ಹಂತ 7: ಮೂರು ಬಾರಿ ಪರಿಶೀಲಿಸಿ, ಪ್ರತಿ ಬಾರಿ ಬೇರೆ ಕಣ್ಣಿನಿಂದ

ಮೊದಲ ಬಾರಿ ಸಂಖ್ಯೆಗಳನ್ನು ಮಾತ್ರ ನೋಡಿ. ಪಠ್ಯ ಓದಬೇಡಿ. ಹಂತ 2ರಲ್ಲಿ ಬರೆದ ಮರವನ್ನು ಪಕ್ಕದಲ್ಲಿಟ್ಟು, ಅನುವಾದದ ಕ್ಲೇಮುಗಳಿಂದಲೇ ಮತ್ತೊಂದು ಮರ ಬರೆಯಿರಿ. ಎರಡೂ ಒಂದೇ ಆಗಿರಬೇಕು.

ಎರಡನೆಯ ಬಾರಿ ಪದಪಟ್ಟಿಯ ಪ್ರತಿ ಪದವನ್ನೂ ಹುಡುಕಿ ಎಣಿಸಿ. ಮೂಲದ ಕ್ಲೇಮುಗಳಲ್ಲಿ ‘ಕನೆಕ್ಟಿಂಗ್ ಮೆಂಬರ್’ ಎರಡು ಬಾರಿ ಬಂದಿದ್ದರೆ ಅನುವಾದದಲ್ಲೂ ‘ಜೋಡಣೆ ಭಾಗ’ ಎರಡೇ ಬಾರಿ ಸಿಗಬೇಕು. ಒಂದು ಕಡಿಮೆ ಸಿಕ್ಕರೆ ಎಲ್ಲೋ ಪರ್ಯಾಯ ಪದ ಅಥವಾ ‘ಅದು’ ಎಂಬ ಸರ್ವನಾಮ ನುಸುಳಿದೆ. ಹುಡುಕುವಾಗ ಪ್ರತ್ಯಯ ಸೇರಿದ ರೂಪಗಳು ತಪ್ಪಿಸಿಕೊಳ್ಳುತ್ತವೆ. ‘ಕೀಲು’ ಎಂದು ಹುಡುಕಿದರೆ ‘ಕೀಲನ್ನು’, ‘ಕೀಲಿನ’ ಸಿಗುವುದಿಲ್ಲ, ‘ಕೀಲ’ ಎಂದು ಹುಡುಕಿದರೂ ‘ಕೀಲಿನ’ ಸಿಗದಿರಬಹುದು. ಒಂದೊಂದು ರೂಪವನ್ನೂ ಬೇರೆ ಬೇರೆಯಾಗಿ ಹುಡುಕಿ ಕೂಡಿಸಿ.

ಮೂರನೆಯದು ಬಿಡಿಸಿ ಬರೆಯುವ ಪರೀಕ್ಷೆ. ಅತಿ ಆಳದ ಕ್ಲೇಮನ್ನು ತೆಗೆದುಕೊಂಡು, ಅದು ನಿಂತಿರುವ ಕ್ಲೇಮುಗಳನ್ನೆಲ್ಲ ಸೇರಿಸಿ ಒಂದೇ ಸ್ವತಂತ್ರ ಕ್ಲೇಮಾಗಿ ಹಾಳೆಯ ಮೇಲೆ ಬರೆಯಿರಿ. ನಮ್ಮ ಕ್ಲೇಮು 5ನ್ನು 4, 2, 1ರ ದಾರಿಯಲ್ಲಿ ಬಿಡಿಸಿದರೆ ಹೀಗಾಗುತ್ತದೆ:

ಒಂದು ಬಾಟಲಿ, ಇದು ಒಳಗೊಂಡಿರುವುದು: ಒಂದು ಬಾಯಿ ಇರುವ ಒಂದು ಪಾತ್ರೆ; ಸದರಿ ಬಾಯಿಯನ್ನು ಮುಚ್ಚುವ ಒಂದು ಮುಚ್ಚಳ; ಸದರಿ ಮುಚ್ಚಳವನ್ನು ಸದರಿ ಪಾತ್ರೆಗೆ ಸೇರಿಸಿ ಹಿಡಿಯುವ, ಒಂದು ಕೀಲು ಆಗಿರುವ ಒಂದು ಜೋಡಣೆ ಭಾಗ; ಮತ್ತು ಸದರಿ ಮುಚ್ಚಳ ಮತ್ತು ಸದರಿ ಬಾಯಿಯ ನಡುವೆ ಇರುವ, ಒಂದು ರಬ್ಬರ್ ವಾಷರ್ ಆಗಿರುವ ಒಂದು ಸೋರುತಡೆ ಭಾಗ.

ಎಲ್ಲೂ ಅಡ್ಡಿಯಾಗದೆ ಓದಿಸಿಕೊಂಡು ಹೋದರೆ ಕೊಂಡಿಗಳು ಗಟ್ಟಿಯಾಗಿವೆ. ಬಿಡಿಸುವಾಗ ಒಂದು ವಸ್ತು ಎರಡಾದರೆ, ‘ಸದರಿ’ ಎಂದು ತೋರಿಸಿದ್ದು ಹಿಂದೆ ಸಿಗದಿದ್ದರೆ, ಅಥವಾ ಒಂದು ಕ್ಲೇಮು ಸೇರಿಸಿದ ಮೇಲೂ ವಾಕ್ಯಕ್ಕೆ ಹೊಸ ಷರತ್ತೇನೂ ಬಾರದಿದ್ದರೆ, ಆ ಕ್ಲೇಮಿನ ಮೂಲಕ್ಕೆ ಹಿಂತಿರುಗಿ. ಕೊನೆಯ ಲಕ್ಷಣ ಕಂಡರೆ ಮೇಲಿನ ಕ್ಲೇಮಿನ ಪದ ಕುಗ್ಗಿದೆ ಎಂದು ಬಹುತೇಕ ಖಚಿತ.

ಇಷ್ಟಾದ ಮೇಲೆ ವಿವರಣೆಯ ಭಾಗವನ್ನು ಅದೇ ಪದಪಟ್ಟಿಯಿಂದ ಅನುವಾದಿಸಿ. ಕ್ಲೇಮಿನಲ್ಲಿ ‘ಸೋರುತಡೆ ಭಾಗ’, ವಿವರಣೆಯಲ್ಲಿ ‘ಸೀಲ್’ ಎಂದಿದ್ದರೆ, ಕ್ಲೇಮಿಗೆ ವಿವರಣೆಯ ಆಧಾರವಿಲ್ಲ ಎಂಬ ಆಕ್ಷೇಪಕ್ಕೆ ದಾರಿಯಾಗುತ್ತದೆ.

## ಸಲ್ಲಿಸಿದ ಮೇಲೆ ತಪ್ಪು ಕಂಡರೆ

ಕೂಡಲೇ ವಕೀಲರಿಗೆ ತಿಳಿಸಿ, ದಿನ ತಳ್ಳಬೇಡಿ. ಯುರೋಪಿಯನ್ ಪೇಟೆಂಟ್ ಕಚೇರಿಯಲ್ಲಿ ಅರ್ಜಿಯ ಅನುವಾದವನ್ನು ವಿಚಾರಣೆ ನಡೆಯುತ್ತಿರುವಷ್ಟು ಕಾಲವೂ ಮೂಲಕ್ಕೆ ಹೊಂದಿಸಿಕೊಳ್ಳಲು ಅವಕಾಶವಿದೆ. ಪೇಟೆಂಟ್ ಮಂಜೂರಾದ ಮೇಲೆ ಲೆಕ್ಕ ಬೇರೆ, ಅದು ತಪ್ಪು ಯಾವ ಕಡೆಗೆ ಆಗಿದೆ ಎಂಬುದರ ಮೇಲೆ ನಿಂತಿದೆ.

ಅನುವಾದ ಮೂಲಕ್ಕಿಂತ ಅಗಲವಾಗಿದ್ದರೆ, ಪಿಸಿಟಿಯ 46ನೇ ವಿಧಿಯಂತೆ ಆ ದೇಶದ ಅಧಿಕಾರಿಗಳು ಪೇಟೆಂಟ್‌ನ ವ್ಯಾಪ್ತಿಯನ್ನು ಹಿಂದಿನಿಂದಲೇ ಅನ್ವಯವಾಗುವಂತೆ ಮೂಲದ ಅಳತೆಗೆ ಕತ್ತರಿಸಬಹುದು. ಕಿರಿದಾಗಿದ್ದರೆ ನಷ್ಟ ಪೇಟೆಂಟ್ ಹಿಡಿದವರದು. ಯುರೋಪಿಯನ್ ಒಡಂಬಡಿಕೆಯ 70ನೇ ವಿಧಿ, ಕಿರಿದಾದ ಅನುವಾದವನ್ನೇ ಅಧಿಕೃತವೆಂದು ಪರಿಗಣಿಸಲು ಸದಸ್ಯ ದೇಶಗಳಿಗೆ ಅವಕಾಶ ಕೊಡುತ್ತದೆ. ತಿದ್ದಿದ ಅನುವಾದವನ್ನು ಸಲ್ಲಿಸಬಹುದು, ಆದರೆ ಅದು ಜಾರಿಗೆ ಬರುವ ಮುನ್ನ ಹಳೆಯ ಅನುವಾದವನ್ನು ನಂಬಿ ಪ್ರಾಮಾಣಿಕವಾಗಿ ತಯಾರಿಕೆ ಶುರು ಮಾಡಿದವರನ್ನು ಆಮೇಲೆ ನಿಲ್ಲಿಸಲಾಗದಂತೆ ಆ ದೇಶಗಳು ಕಾನೂನು ಮಾಡಿಕೊಳ್ಳಬಹುದು. ಕ್ಲೇಮು 1ರಲ್ಲಿ ‘ಕೀಲು’ ಎಂದು ಓದಿ, ದಾರ ಕಟ್ಟಿದ ಮುಚ್ಚಳದ ಬಾಟಲಿ ಮಾಡತೊಡಗಿದವನು ಅಂಥ ದೇಶದಲ್ಲಿ ತಿದ್ದುಪಡಿಯ ನಂತರವೂ ಒಂದು ಪೈಸೆ ಕೊಡದೆ ತನ್ನ ವ್ಯವಹಾರವನ್ನು ಮುಂದುವರಿಸಬಹುದು.